ಇಷ್ಟು ದಿನ ಯಾಕೆ ಸಿಗಲಿಲ್ಲ ಎಂದರೆ

ಕೆಲವು ತಿಂಗಳಿಂದ ನಾನು ಯಾರ ಮೆಸೇಜ್‌ಗೂ ನೆಟ್ಟಗೆ ಉತ್ತರ ಕೊಟ್ಟಿಲ್ಲ. ನಿಮ್ಮ ಮೇಲೆ ಬೇಸರ ಏನೂ ಇಲ್ಲ. ಕೆಲಸ ನನ್ನನ್ನು ಪೂರ್ತಿ ಹಿಂಡಿಹಾಕಿತ್ತು. ಬರ್ನ್‌ಔಟ್ ಅಂತಾರಲ್ಲ, ಅದೇ. ಈಗ ರಜೆಯಲ್ಲಿದ್ದೇನೆ, ಮೊದಲಿಗಿಂತ ಎಷ್ಟೋ ವಾಸಿ. ಕೆಲವರು ನನ್ನನ್ನೇ ಕೇಳಿದಿರಿ, ಕೆಲವರು ಬೇರೆಯವರ ಹತ್ತಿರ ವಿಚಾರಿಸಿದಿರಿ. ಎಲ್ಲರಿಗೂ ಒಟ್ಟಿಗೇ ಹೇಳಿಬಿಡೋಣ ಅನ್ನಿಸಿತು.

ಇದು ಸುಮ್ನೆ ಸುಸ್ತಲ್ಲ. ಸುಸ್ತಾದರೆ ಎರಡು ದಿನ ನಿದ್ದೆ ಮಾಡಿದರೆ ಸರಿಹೋಗುತ್ತದೆ, ಅಲ್ವಾ? ನನಗೆ ಹಾಗಾಗಲಿಲ್ಲ. ಒಂದು ದಿನ ಲೆಕ್ಕದ ಶೀಟ್‌ನಲ್ಲಿ ಎರಡು ಮೊತ್ತ ತಾಳೆಯಾಗಲಿಲ್ಲ. ಅಂಥ ತಪ್ಪು ಹುಡುಕುವುದು ನನಗೆ ತುಂಬ ಇಷ್ಟದ ಕೆಲಸ. ಸಿಗುವ ತನಕ ಊಟಕ್ಕೂ ಏಳುವವಳಲ್ಲ. ಅವತ್ತು ಆ ಎರಡು ಸಂಖ್ಯೆಗಳನ್ನೇ ನೋಡುತ್ತಾ ಕೂತೆ. ಸಿಟ್ಟು ಬರಲಿಲ್ಲ, ಗಾಬರಿಯೂ ಆಗಲಿಲ್ಲ. ಯಾರ ಲೆಕ್ಕವೋ ಏನೋ ಎಂಬಂತಿತ್ತು. ಆಮೇಲೆ ‘ಸರಿ, ನಾಳೆ ಕಳಿಸುತ್ತೇನೆ’ ಎಂಬ ಒಂದು ಸಾಲಿನ ಉತ್ತರ ಬರೆಯುವುದಕ್ಕೂ ಕೈ ಏಳದಾಯಿತು. ಬರೆಯುವುದು, ಅಳಿಸುವುದು, ಮತ್ತೆ ಬರೆಯುವುದು. ಕೊನೆಗೆ ಕಳಿಸದೆ ಆ ಮೆಸೇಜನ್ನೇ ಮುಚ್ಚುವುದು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ವಿವರಿಸಿದ್ದು ಓದಿದಾಗ ನನ್ನದೇ ಕತೆ ಓದಿದಂತಾಯಿತು. ಅವರ ಪ್ರಕಾರ ಇದು ಕಾಯಿಲೆ ಅಲ್ಲ. ಕೆಲಸದ ಜಾಗದ ಒತ್ತಡವನ್ನು ಸರಿಯಾಗಿ ನಿಭಾಯಿಸದೆ ಬಹಳ ಕಾಲ ಹಾಗೇ ಬಿಟ್ಟರೆ ಆಗುವ ಸ್ಥಿತಿ. ಮೂರು ಲಕ್ಷಣ ಹೇಳುತ್ತಾರೆ: ಶಕ್ತಿಯೆಲ್ಲ ಬತ್ತಿಹೋಗುವುದು, ಕೆಲಸದಿಂದ ಮನಸ್ಸು ದೂರವಾಗಿ ಎಲ್ಲದರ ಬಗ್ಗೆ ಅಸಡ್ಡೆ ಬರುವುದು, ನನ್ನ ಕೈಲಿ ಏನೂ ಆಗುತ್ತಿಲ್ಲ ಅನ್ನಿಸುವುದು. ನನ್ನನ್ನು ಜಾಸ್ತಿ ಹೆದರಿಸಿದ್ದು ಎರಡನೆಯದು. ದಣಿವು ನನಗೆ ಹೊಸದಲ್ಲ. ಅಸಡ್ಡೆ ಹೊಸದು.

ಕೆಲಸದಲ್ಲಿ ಆಗಿದ್ದನ್ನು ಇಷ್ಟು ಹೇಳಬಲ್ಲೆ. ತಂಡದಲ್ಲಿ ಜನ ಕಡಿಮೆಯಾದರು, ಕೆಲಸ ಕಡಿಮೆಯಾಗಲಿಲ್ಲ. ಯಾವುದನ್ನು ಮೊದಲು ಮುಗಿಸಲಿ ಎಂದು ಕೇಳಿದರೆ ಎಲ್ಲವೂ ಮೊದಲೇ ಬೇಕು ಎಂಬ ಉತ್ತರ. ಯಾರು ಏನಂದರು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಆಡಬೇಕಾದವರ ಎದುರಿಗೇ ಆಡಿದ್ದೇನೆ. ಡಾಕ್ಟರ್ ಜೊತೆಗಿನ ಮಾತು, ಮನೆಯವರು ಪಟ್ಟ ಪಾಡು, ಇವೂ ನನ್ನ ಹತ್ತಿರವೇ ಇರಲಿ.

‘ನೀನು ಗಟ್ಟಿಗಿತ್ತಿ, ನಿನಗೆ ಹೇಗೆ ಹೀಗಾಯಿತು?’ ಎಂದು ಒಬ್ಬರು ಪ್ರೀತಿಯಿಂದಲೇ ಕೇಳಿದರು. ಆ ಪ್ರಶ್ನೆಗೆ ಉತ್ತರ ಕೊಡಬೇಕು. ದಶಕಗಳಿಂದ ಇದರ ಬಗ್ಗೆ ಅಧ್ಯಯನ ಮಾಡಿರುವ ಕ್ರಿಸ್ಟಿನಾ ಮಾಸ್ಲಾಕ್ ಎಂಬ ಮನೋವಿಜ್ಞಾನಿ ನೋಡಲು ಹೇಳುವುದು ಮನುಷ್ಯನ ಗಟ್ಟಿತನವನ್ನಷ್ಟೇ ಅಲ್ಲ, ಕೆಲಸದ ರೀತಿಯನ್ನು. ಹೊರೆ ಎಷ್ಟಿದೆ, ಅದರ ಮೇಲೆ ನಮಗೆ ಹಿಡಿತ ಇದೆಯಾ, ಮಾಡಿದ್ದಕ್ಕೆ ಬೆಲೆ ಸಿಗುತ್ತಾ, ಜೊತೆಗಿರುವವರು ಹೇಗಿದ್ದಾರೆ, ನ್ಯಾಯವಾಗಿ ನಡೆಸಿಕೊಳ್ಳುತ್ತಾರಾ, ನಾವು ನಂಬಿದ್ದಕ್ಕೂ ಅಲ್ಲಿ ಮಾಡಿಸುವುದಕ್ಕೂ ಹೊಂದುತ್ತಾ. ನನ್ನ ಮಟ್ಟಿಗೆ ಹಿಡಿತವೇ ದೊಡ್ಡ ವಿಷಯ. ಇದಕ್ಕೂ ಜಾಸ್ತಿ ಕೆಲಸವನ್ನು ನಾನು ಖುಷಿಯಾಗಿ ಮಾಡಿದ್ದೇನೆ. ಆಗ ಯಾವುದು ಮೊದಲು ಎಂದು ನಾನೇ ತೀರ್ಮಾನಿಸುತ್ತಿದ್ದೆ.

ಈಗ ಏನು ಮಾಡುತ್ತಿದ್ದೇನೆ? ಮೊದಲು ಡಾಕ್ಟರ್ ಹತ್ತಿರ ಹೋದೆ. ನಿಮಗೂ ಹೀಗೆ ಅನ್ನಿಸುತ್ತಿದ್ದರೆ ದಯವಿಟ್ಟು ತೋರಿಸಿಕೊಳ್ಳಿ. ರಕ್ತಹೀನತೆ, ಥೈರಾಯ್ಡ್, ಖಿನ್ನತೆ, ಇವೂ ಹೀಗೇ ಸುಸ್ತು ಮಾಡುತ್ತವೆ. ಎಲ್ಲದಕ್ಕೂ ಕೆಲಸವೇ ಕಾರಣ ಎಂದು ನಾವೇ ನಿರ್ಧರಿಸುವುದು ಬೇಡ. ರಜೆ ಮುಗಿದ ಮೇಲೆ ಹಳೆಯ ಜಾಗಕ್ಕೇ ವಾಪಸ್ ಹೋಗುತ್ತೇನೆ, ಆದರೆ ಒಂದು ಜವಾಬ್ದಾರಿ ಬೇರೆಯವರಿಗೆ ಹೋಗಿದೆ. ವಾರದ ಶುರುವಿನಲ್ಲಿ ಕೆಲಸಗಳ ಸರದಿ ಬರೆದುಕೊಡುವುದಾಗಿ ಆಫೀಸಿನವರು ಒಪ್ಪಿದ್ದಾರೆ. ಹೊಸದೊಂದು ಬಂದರೆ ಹಳೆಯದೊಂದು ಹಿಂದಕ್ಕೆ. ಇದು ನಡೆಯುತ್ತದೆ ಎಂದು ನಂಬಿದ್ದೇನೆ.

ನಿಮ್ಮಿಂದ ಬೇಕಾಗಿರುವುದು ಜಾಸ್ತಿ ಏನಿಲ್ಲ. ಯಾವ ಆಫೀಸು, ಯಾರ ಕೈಕೆಳಗೆ ಎಂದು ಕಾಮೆಂಟಿನಲ್ಲಿ ಊಹಿಸಬೇಡಿ. ಮಾತ್ರೆ, ಆಸನ, ಡಯಟ್ ಸಲಹೆಗಳೂ ಸದ್ಯಕ್ಕೆ ಬೇಡ, ಕೇಳಬೇಕಾದವರ ಹತ್ತಿರ ಕೇಳುತ್ತಿದ್ದೇನೆ. ಕೆಲಸದ ವಿಷಯ ಬಿಟ್ಟು ಬೇರೆ ಏನಾದರೂ ಕಳಿಸಿ. ಫೋಟೋ, ಹಾಡು, ನಿಮ್ಮ ಮಗುವಿನ ಹೊಸ ತುಂಟತನ, ಯಾವುದಾದರೂ ಸರಿ. ಫೋನ್ ಮಾಡುವ ಮುಂಚೆ ಒಂದು ಮೆಸೇಜ್ ಹಾಕಿ. ಉತ್ತರ ತಡವಾದರೆ ಇನ್ನೊಮ್ಮೆ ಕೇಳಿ, ನನಗೆ ಬೇಜಾರಿಲ್ಲ. ನಿಮಗೂ ಇದೇ ಆಗುತ್ತಿದ್ದರೆ ಇಲ್ಲಿ ಎಲ್ಲರೆದುರು ಹೇಳಬೇಕಿಲ್ಲ. ನನಗೊಬ್ಬಳಿಗೇ ಬರೆಯಿರಿ, ನಿಧಾನವಾಗಿಯಾದರೂ ಉತ್ತರಿಸುತ್ತೇನೆ.