1N4007 ಡಯೋಡ್‌ನ ವಿ-ಐ ಕರ್ವ್ ಮತ್ತು ಥ್ರೆಶೋಲ್ಡ್ ವೋಲ್ಟೇಜ್: ಲ್ಯಾಬ್ ವರದಿ

ಸ್ಥಳ: ಎಲೆಕ್ಟ್ರಾನಿಕ್ಸ್ ಲ್ಯಾಬ್, ಶಿವಮೊಗ್ಗ. ಜುಲೈ ತಿಂಗಳು, ಹೊರಗೆ ಜೋರು ಮಳೆ, ಕೋಣೆಯ ತಾಪಮಾನ 24 °C.

ಉದ್ದೇಶ: ಸಿಲಿಕಾನ್ ಡಯೋಡ್‌ನಲ್ಲಿ ವೋಲ್ಟೇಜ್ ಏರಿದಂತೆ ಕರೆಂಟ್ ಹೇಗೆ ಬದಲಾಗುತ್ತದೆ ಎಂದು ಅಳೆಯುವುದು. ಗ್ರಾಫ್‌ನಿಂದ ಥ್ರೆಶೋಲ್ಡ್ ವೋಲ್ಟೇಜ್ ಕಂಡುಹಿಡಿಯುವುದು.

ಸಾಮಾನು: 1N4007 ಡಯೋಡ್, 0–30 V ರೆಗ್ಯುಲೇಟೆಡ್ ಪವರ್ ಸಪ್ಲೈ, 1 kΩ ಅರ್ಧ ವ್ಯಾಟ್ ರೆಸಿಸ್ಟರ್, ಎರಡು ಡಿಜಿಟಲ್ ಮಲ್ಟಿಮೀಟರ್, ಬ್ರೆಡ್‌ಬೋರ್ಡ್.

ಜೋಡಣೆ

ಡಯೋಡ್ ಮೇಲೆ ಬಿಳಿ ಪಟ್ಟಿ ಇರುವ ಕಡೆ ಕ್ಯಾಥೋಡ್. ಫಾರ್ವರ್ಡ್ ಬಯಾಸ್‌ಗೆ ಅದು ಸಪ್ಲೈನ ನೆಗೆಟಿವ್‌ಗೆ ಹೋಗಬೇಕು. ರೆಸಿಸ್ಟರ್, ಮಿಲಿಆಮೀಟರ್, ಡಯೋಡ್ ಮೂರೂ ಸೀರೀಸ್‌ನಲ್ಲಿವೆ. ವೋಲ್ಟ್‌ಮೀಟರ್ ಡಯೋಡ್‌ನ ಎರಡು ಕಾಲುಗಳಿಗೇ ನೇರವಾಗಿ ಸಿಕ್ಕಿಸಿದೆ. ರೆಸಿಸ್ಟರ್ ಇಲ್ಲದೆ ಸಪ್ಲೈ ಕೊಡಬಾರದು, ಡಯೋಡ್ ಸುಟ್ಟುಹೋಗಬಹುದು.

ಫಾರ್ವರ್ಡ್ ಬಯಾಸ್ ರೀಡಿಂಗ್

| ಡಯೋಡ್ ವೋಲ್ಟೇಜ್ (V) | ಕರೆಂಟ್ (mA) |
|---|---|
| 0.40 | 0.02 |
| 0.45 | 0.06 |
| 0.50 | 0.18 |
| 0.55 | 0.52 |
| 0.60 | 1.5 |
| 0.65 | 4.6 |
| 0.68 | 8.7 |
| 0.70 | 13.4 |

ಕೊನೆಯ ಎರಡು ಸಾಲು ನೋಡಿ. ಕರೆಂಟ್ 8.7 ರಿಂದ 13.4 mA ಗೆ ಏರಿಸಲು ಸಪ್ಲೈಯನ್ನು ಸುಮಾರು 9.4 V ನಿಂದ 14.1 V ಗೆ ತಿರುಗಿಸಬೇಕಾಯಿತು. ಡಯೋಡ್ ಮೇಲೆ ಮಾತ್ರ ಬರೀ 0.02 V ಜಾಸ್ತಿಯಾಯಿತು, ಉಳಿದದ್ದೆಲ್ಲ ರೆಸಿಸ್ಟರ್ ಪಾಲು. ಹೀಗಾಗಿ 0.65 V ದಾಟಿದ ಮೇಲೆ ಎರಡು ರೀಡಿಂಗ್ ನಡುವಿನ ಅಂತರವನ್ನು ಕಡಿಮೆ ಮಾಡಿದ್ದೇವೆ.

ಕರ್ವ್ ಮತ್ತು ಥ್ರೆಶೋಲ್ಡ್

ಗ್ರಾಫ್‌ನಲ್ಲಿ 0.5 V ವರೆಗೆ ಗೆರೆ ಅಡ್ಡ ಅಕ್ಷಕ್ಕೆ ಅಂಟಿಕೊಂಡಂತೆ ಸಾಗುತ್ತದೆ. 0.6 V ಹತ್ತಿರ ಬಾಗಿ, ಆಮೇಲೆ ಕಡಿದಾಗಿ ಮೇಲೇರುತ್ತದೆ. ಮೇಲಿನ ಎರಡು ಬಿಂದುಗಳನ್ನು ಸೇರಿಸಿ ಗೆರೆಯನ್ನು ಕೆಳಗೆ ಎಳೆದರೆ ಅದು ಅಡ್ಡ ಅಕ್ಷವನ್ನು 0.64 V ನಲ್ಲಿ ಮುಟ್ಟುತ್ತದೆ. ನಾವು ಥ್ರೆಶೋಲ್ಡ್ ಎಂದು ಬರೆಯುವುದು ಇದನ್ನೇ.

ಆದರೆ ಇಲ್ಲಿ ಒಂದು ತಕರಾರಿದೆ. ಅದೇ ರೀಡಿಂಗ್‌ಗಳನ್ನು 0–1 mA ಸ್ಕೇಲ್‌ನಲ್ಲಿ ಹಾಕಿ, 0.55 V ಹತ್ತಿರ ಸ್ಪರ್ಶ ರೇಖೆ ಎಳೆದರೆ 0.50 V ಬರುತ್ತದೆ. ಡಯೋಡ್ ಅದೇ, ರೀಡಿಂಗ್ ಅದೇ, ಉತ್ತರ ಬೇರೆ! ಕಾರಣ ಈ ಸೂತ್ರದಲ್ಲಿದೆ:

```
I = Is (e^(V/(n·VT)) − 1)
```

Is ಎಂದರೆ ಡಯೋಡ್‌ನ ಸ್ಯಾಚುರೇಶನ್ ಕರೆಂಟ್, VT ಥರ್ಮಲ್ ವೋಲ್ಟೇಜ್, n ಐಡಿಯಾಲಿಟಿ ಫ್ಯಾಕ್ಟರ್. ಈ ಸೂತ್ರದಲ್ಲಿ ಥ್ರೆಶೋಲ್ಡ್ ಎಂಬ ಪದವೇ ಇಲ್ಲ. ಕರೆಂಟ್ ಮೊದಲಿನಿಂದಲೂ ಒಂದೇ ರೀತಿ ಗುಣಿಸುತ್ತಾ ಹೋಗುತ್ತದೆ, ನಮ್ಮ ಸ್ಕೇಲ್‌ಗೆ ಅದು ಕಾಣುವಷ್ಟು ದೊಡ್ಡದಾದಾಗ ಶುರುವಾಯಿತು ಅನ್ನುತ್ತೇವೆ. ಕೋರ್ಪಲಯ್ಯನ ಛತ್ರದ ಹತ್ತಿರ ಮಂಟಪ ಮುಳುಗಿದರೆ ತುಂಗೆ ತುಂಬಿತು ಅಂತೀವಲ್ಲ, ಹಾಗೆ. ನೀರು ಅದಕ್ಕೆ ಮುಂಚೆಯೇ ಏರುತ್ತಿರುತ್ತದೆ, ಮಂಟಪ ನಾವು ಒಪ್ಪಿಕೊಂಡ ಗುರುತು ಅಷ್ಟೇ. ಹಾಗಾಗಿ 0.64 V ಎಂದು ಸುಮ್ನೆ ಬರೆದರೆ ಸಾಲದು, ಯಾವ ಕರೆಂಟ್ ವ್ಯಾಪ್ತಿಯಲ್ಲಿ ಎಂದೂ ಬರೆಯಬೇಕು.

ಸೆಮಿ-ಲಾಗ್ ಹಾಳೆಯ ಮೇಲೆ ಇದೇ ಬಿಂದುಗಳು ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಕೂರುತ್ತವೆ, ಬಾಗು ಮಾಯವಾಗುತ್ತದೆ. ಕರೆಂಟ್ ಹತ್ತು ಪಟ್ಟಾಗಲು ಸುಮಾರು 0.11 V ಬೇಕು. 24 °C ನಲ್ಲಿ VT = 25.6 mV, ಆದ್ದರಿಂದ:

```
n = 0.10 / (0.0256 × ln(1.5/0.18)) ≈ 1.8
```

11 mA ಆಸುಪಾಸಿನಲ್ಲಿ ಡೈನಾಮಿಕ್ ರೆಸಿಸ್ಟೆನ್ಸ್ 0.02 V / 4.7 mA, ಅಂದರೆ ಸುಮಾರು 4.3 Ω. 0.70 V ನಲ್ಲಿ ಸ್ಟ್ಯಾಟಿಕ್ ರೆಸಿಸ್ಟೆನ್ಸ್ 52 Ω.

ಬೆರಳಿನ ಬಿಸಿ

ಕರೆಂಟ್ 5 mA ಗೆ ನಿಲ್ಲಿಸಿ ಡಯೋಡನ್ನು ಎರಡು ಬೆರಳಲ್ಲಿ ಹಿಡಿದಾಗ ವೋಲ್ಟೇಜ್ 0.654 ರಿಂದ 0.640 ಕ್ಕೆ ಇಳಿಯಿತು. ಸಿಲಿಕಾನ್‌ನಲ್ಲಿ ಒಂದು ಡಿಗ್ರಿಗೆ ಸುಮಾರು 2 mV ಇಳಿಯುತ್ತದೆ, ಅಂದರೆ ಡಯೋಡ್ ಏಳು ಡಿಗ್ರಿಯಷ್ಟು ಬಿಸಿಯಾಗಿದೆ. ಕೈ ತಾಗಿಸಿಕೊಂಡೇ ರೀಡಿಂಗ್ ತೆಗೆದರೆ ಎರಡನೇ ದಶಮಾಂಶವೇ ಕೆಡುತ್ತದೆ.

ರಿವರ್ಸ್ ಬಯಾಸ್

ಡಯೋಡ್ ತಿರುಗಿಸಿ 10 V ವರೆಗೆ ಕೊಟ್ಟೆವು. ಮೈಕ್ರೋಆಮೀಟರ್ 0.0 ಮತ್ತು 0.1 µA ನಡುವೆ ಆಡುತ್ತಿತ್ತು. ಈ ಡಯೋಡ್ 1000 V ರಿವರ್ಸ್ ತಡೆಯುವಂಥದ್ದು, ಬ್ರೇಕ್‌ಡೌನ್ ಕಾಣುವ ಪ್ರಶ್ನೆಯೇ ಇಲ್ಲ.

ಇಲ್ಲಿ ವೋಲ್ಟ್‌ಮೀಟರ್ ಜಾಗ ಬದಲಿಸಿದ್ದೇವೆ: ಅದು ಈಗ ಡಯೋಡ್ ಮತ್ತು ಮೈಕ್ರೋಆಮೀಟರ್ ಎರಡನ್ನೂ ಸೇರಿಸಿ ಅಳೆಯುತ್ತದೆ. ವೋಲ್ಟ್‌ಮೀಟರ್‌ನ ಒಳ ರೆಸಿಸ್ಟೆನ್ಸ್ 10 MΩ. 10 V ಗೆ ಅದೇ 1 µA ಎಳೆಯುತ್ತದೆ. ಹೋಲಿಸಿ ನೋಡಲು ವೋಲ್ಟ್‌ಮೀಟರನ್ನು ಡಯೋಡ್‌ಗೆ ನೇರವಾಗಿ ಸಿಕ್ಕಿಸಿದಾಗ ಮೈಕ್ರೋಆಮೀಟರ್ 1.0 µA ತೋರಿಸಿತು, ಅದು ಡಯೋಡ್ ಕರೆಂಟ್ ಅಲ್ಲ, ವೋಲ್ಟ್‌ಮೀಟರ್‌ದ್ದು. ಫಾರ್ವರ್ಡ್‌ನಲ್ಲಿ ಈ ತೊಂದರೆ ಇಲ್ಲ, 0.5 V ಗೆ ಮೀಟರ್ ಎಳೆಯುವುದು 0.05 µA ಅಷ್ಟೇ.

ಫಲಿತಾಂಶ: ಥ್ರೆಶೋಲ್ಡ್ ವೋಲ್ಟೇಜ್ 0.64 V (8.7–13.4 mA ನಡುವಿನ ಗೆರೆಯಿಂದ, 24 °C ನಲ್ಲಿ). n ≈ 1.8. ರಿವರ್ಸ್ ಕರೆಂಟ್ 10 V ನಲ್ಲಿ 0.1 µA ಮೀರಿಲ್ಲ.