ವಿಷಯ: ಎರಡನೇ ಮಹಡಿ ಮನೆಯ ಗೀಸರ್ ಕೆಟ್ಟಿದೆ, ಶನಿವಾರದೊಳಗೆ ರಿಪೇರಿ ಮಾಡಿಸಿಕೊಡಿ

ನಮಸ್ಕಾರ ಸರ್,

ನಮ್ಮ ಬಚ್ಚಲುಮನೆಯ 15 ಲೀಟರ್ ಗೀಸರ್ ಸೋಮವಾರ, ಜನವರಿ 12ರ ಬೆಳಿಗ್ಗೆಯಿಂದ ಕೆಲಸ ಮಾಡುತ್ತಿಲ್ಲ. ಅವತ್ತೇ ಫೋನಿನಲ್ಲಿ ತಿಳಿಸಿದ್ದೆ. ನಿನ್ನೆ ಎಲೆಕ್ಟ್ರಿಷಿಯನ್ ಬಿಚ್ಚಿ ನೋಡಿ ಹೋಗಿದ್ದಾರೆ, ಹಾಗಾಗಿ ಪೂರ್ತಿ ವಿವರ ಬರೆಯುತ್ತಿದ್ದೇನೆ.

ಸ್ವಿಚ್ ಹಾಕಿದ ತಕ್ಷಣ ಆರ್‌ಸಿಸಿಬಿ ಟ್ರಿಪ್ ಆಗಿ ಇಡೀ ಮನೆಯ ಕರೆಂಟ್ ಹೋಗುತ್ತದೆ. ಪ್ಲಗ್ ತೆಗೆದರೆ ಟ್ರಿಪ್ ಆಗುವುದಿಲ್ಲ. ಅದೇ 16 ಆಂಪಿಯರ್ ಸಾಕೆಟ್‌ಗೆ ಇಂಡಕ್ಷನ್ ಒಲೆ ಹಾಕಿದರೆ ಸರಿಯಾಗಿ ನಡೆಯುತ್ತದೆ. ಅಂದರೆ ವೈರಿಂಗ್ ಚೆನ್ನಾಗಿದೆ, ದೋಷ ಗೀಸರ್ ಒಳಗೇ ಇದೆ.

2000 ವ್ಯಾಟ್ ಎಲಿಮೆಂಟ್‌ನ ರೆಸಿಸ್ಟೆನ್ಸ್ 26 ಓಮ್ ಬಂತು, ಆದ್ದರಿಂದ ಕಾಯಿಲ್ ಕಡಿದಿಲ್ಲ. ಆದರೆ ಎಲಿಮೆಂಟ್‌ನಿಂದ ಗೀಸರ್‌ನ ಲೋಹದ ಮೈಗೆ ಕರೆಂಟ್ ಸೋರುತ್ತಿದೆ. ನಮ್ಮದು ಬೋರ್‌ವೆಲ್ ನೀರು, ತುಂಬಾ ಗಡಸು. ಎಲಿಮೆಂಟ್ ಮೇಲೆ ಸುಣ್ಣ ಗಟ್ಟಿಯಾಗಿ ಕೂತಿದೆ. ಶಾಖ ನೀರಿಗೆ ಹೋಗದೆ ಒಳಗೇ ಉಳಿದು ಮೇಲಿನ ಕೊಳವೆ ಬಿರುಕು ಬಿಟ್ಟಿದೆ. ಟ್ಯಾಂಕಿಗೆ ತುಕ್ಕು ಹಿಡಿಯದಂತೆ ಕಾಯುವ ಆನೋಡ್ ರಾಡ್ ಸವೆದು ತಂತಿಯಷ್ಟೇ ಉಳಿದಿದೆ. ಕೆಳಗಿನ ಫ್ಲಾಂಜ್ ಗ್ಯಾಸ್ಕೆಟ್‌ನಿಂದ ನೀರೂ ತೊಟ್ಟಿಕ್ಕುತ್ತಿದೆ. ನೀರು ಕಾಯುವಾಗ ಸೇಫ್ಟಿ ವಾಲ್ವ್‌ನಿಂದ ನಾಲ್ಕು ಹನಿ ಬೀಳುವುದು ಸಹಜ, ಇದು ಅದಲ್ಲ. ಗೀಸರ್ ಆರಿಸಿದ್ದಾಗಲೂ ಸೋರುತ್ತದೆ.

ಆರ್‌ಸಿಸಿಬಿ ತೆಗೆದು ನೇರ ಲೈನ್ ಕೊಡಿಸಿ ಎಂದು ನೀವು ಹೇಳಿದಿರಿ. ದಯವಿಟ್ಟು ಅದು ಬೇಡ ಸರ್. ಅದು 30 ಮಿಲಿಆಂಪಿಯರ್ ಸೋರಿದರೂ ಕರೆಂಟ್ ಕಡಿದು ಜೀವ ಉಳಿಸುವ ಸಾಧನ. ಅದನ್ನು ತೆಗೆದ ದಿನ ಅರ್ಥಿಂಗ್ ಕೈಕೊಟ್ಟರೆ, ಒದ್ದೆ ಮೈಯಲ್ಲಿ ನಲ್ಲಿ ಮುಟ್ಟಿದವರಿಗೇ ಶಾಕ್ ಹೊಡೆಯುತ್ತದೆ. ಎಂಸಿಬಿ ಒಂದೇ ಇದ್ದರೆ ಸಾಲದು, ಇಷ್ಟು ಸಣ್ಣ ಸೋರಿಕೆ ಅದಕ್ಕೆ ಗೊತ್ತೇ ಆಗುವುದಿಲ್ಲ.

ಹೊಸ ಎಲಿಮೆಂಟ್, ಆನೋಡ್ ರಾಡ್, ಗ್ಯಾಸ್ಕೆಟ್, ಟ್ಯಾಂಕಿನ ಸುಣ್ಣ ತೆಗೆಯುವ ಕೂಲಿ ಎಲ್ಲ ಸೇರಿ 1,900 ರೂಪಾಯಿ ಎಂದಿದ್ದಾರೆ. ಬಿಚ್ಚಿದ ಮೇಲೆ ಟ್ಯಾಂಕೇ ತೂತಾಗಿದ್ದರೆ ಈ ಖರ್ಚು ದಂಡ, ಹೊಸ ಗೀಸರ್ ಹಾಕಿಸುವುದೇ ಸರಿ. ಹಾಗಾದರೆ ಕೆಲಸ ನಿಲ್ಲಿಸಿ ನಿಮಗೆ ಫೋಟೊ ಕಳಿಸುತ್ತೇನೆ. ಗೀಸರ್ ಮನೆಯ ಜೊತೆ ಕೊಟ್ಟಿರುವ ವಸ್ತು ಎಂದು ಅಗ್ರಿಮೆಂಟ್ ಪಟ್ಟಿಯಲ್ಲಿದೆ, ಸವೆತದ ರಿಪೇರಿ ಮಾಲೀಕರದ್ದು ಎಂದೂ ಬರೆದಿದೆ.

ನಾಳೆ ಸಂಕ್ರಾಂತಿ, ಕೆಲಸದವರು ಸಿಗುವುದಿಲ್ಲ. ಶುಕ್ರವಾರ ಸಂಜೆಯೊಳಗೆ ಒಪ್ಪಿಗೆ ತಿಳಿಸಿದರೆ ಶನಿವಾರ, 17ರ ಬೆಳಿಗ್ಗೆ 10 ಗಂಟೆಗೆ ಬರುತ್ತಾರೆ. ನಿಮ್ಮ ಕಡೆಯವರನ್ನೇ ಕಳಿಸುವುದಾದರೂ ಸರಿ, ಅವತ್ತೇ ಬರಲಿ. ನಾನೇ ಹಣ ಕೊಡಬೇಕಾದರೆ ಫೆಬ್ರವರಿ ಬಾಡಿಗೆಯಲ್ಲಿ ಹಿಡಿದುಕೊಳ್ಳಲು ಈ ಮೇಲ್‌ಗೇ ಉತ್ತರಿಸಿ ಒಪ್ಪಿಗೆ ಕೊಡಿ. ಬಿಲ್ಲು ಮತ್ತು ಹಳೆಯ ಎಲಿಮೆಂಟ್ ಎರಡನ್ನೂ ನಿಮಗೆ ಒಪ್ಪಿಸುತ್ತೇನೆ.

ಮನೆಯಲ್ಲಿ ವಯಸ್ಸಾದ ಅತ್ತೆ ಇದ್ದಾರೆ. ಈಗ ಗ್ಯಾಸ್ ಒಲೆಯಲ್ಲಿ ನೀರು ಕಾಯಿಸಿ ಬಚ್ಚಲಿಗೆ ಹೊರುತ್ತಿದ್ದೇವೆ. ಕುದಿನೀರಿನ ಪಾತ್ರೆ ಹಿಡಿದು ಓಡಾಡುವುದು ಅಪಾಯ, ಆದ್ದರಿಂದ ಶನಿವಾರ ದಾಟಿಸಬೇಡಿ.

ಸುಣ್ಣ ಕಟ್ಟಿದ ಎಲಿಮೆಂಟ್, ಸವೆದ ರಾಡ್, ಸೋರುವ ಜಾಗದ ಮೂರು ಫೋಟೊ ಲಗತ್ತಿಸಿದ್ದೇನೆ.

ಇಂತಿ,
ಸುಮಾ
ಎರಡನೇ ಮಹಡಿ
ಜನವರಿ 14