ನರ್ಸ್‌ಗಳ ದಿನದಂದು ರೇಣುಕಾಳ ಬಗ್ಗೆ ನಾಲ್ಕು ಮಾತು

ವೇದಿಕೆ ಮೇಲಿರುವ ಆಡಳಿತ ವೈದ್ಯಾಧಿಕಾರಿಗಳಿಗೆ, ನರ್ಸಿಂಗ್ ಶಾಲೆಯ ಪ್ರಿನ್ಸಿಪಾಲ್ ಮೇಡಂಗೆ, ನನ್ನ ಜೊತೆಯ ಸಿಸ್ಟರ್‌ಗಳಿಗೆ, ಬ್ರದರ್‌ಗಳಿಗೆ, ಹಿಂದೆ ನಿಂತುಕೊಂಡೇ ಕೇಳುತ್ತಿರುವ ಗ್ರೂಪ್ ಡಿ ಬಂಧುಗಳಿಗೆ, ಮಕ್ಕಳಿಗೆ, ಎಲ್ಲರಿಗೂ ನಮಸ್ಕಾರ.

ಪ್ರತಿ ವರ್ಷ ಮೇ 12ಕ್ಕೆ ನೈಟಿಂಗೇಲ್ ಫೋಟೋಗೆ ಹಾರ ಹಾಕುತ್ತೇವೆ, ದೀಪ ಹಿಡಿದು ಪ್ರತಿಜ್ಞೆ ಓದುತ್ತೇವೆ, ಕೇಕ್ ತಿಂದು ಡ್ಯೂಟಿಗೆ ಹೋಗುತ್ತೇವೆ. ಆ ತಾಯಿಯ ಬಗ್ಗೆ ನಿಮಗೆಲ್ಲ ಗೊತ್ತು. ಇವತ್ತು ನಾನು ಮಾತಾಡಬೇಕು ಅಂತ ಇರುವುದು ಮೂರನೇ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿರುವ ಹುಡುಗಿಯ ಬಗ್ಗೆ. ರೇಣುಕಾ, ತಲೆ ಎತ್ತಮ್ಮ. ಬೈಯೋಕೆ ಕರೆದಿಲ್ಲ.

ಜಿಎನ್‌ಎಂ ಮೂರನೇ ವರ್ಷ ಓದುತ್ತಿರುವ ಹುಡುಗಿ, ಈಗ ಇಂಟರ್ನ್‌ಶಿಪ್. ಊರು ಬಳ್ಳಾರಿ ಕಡೆ. ನಮ್ಮ ಕ್ಯಾಶುವಾಲ್ಟಿಗೆ ಹಾಕಿದಾಗ ಜಾಸ್ತಿ ಮಾತೇ ಆಡುತ್ತಿರಲಿಲ್ಲ. ಹೋದ ಅಕ್ಟೋಬರಿನಲ್ಲಿ ಒಂದು ರಾತ್ರಿ ನಾನು, ಅವಳು, ಡ್ಯೂಟಿ ಡಾಕ್ಟರು, ಒಬ್ಬ ವಾರ್ಡ್ ಬಾಯ್, ಇಷ್ಟೇ ಜನ ಇದ್ದೆವು.

ರಾತ್ರಿ ಎರಡೂಕಾಲಿಗೆ ಕಬ್ಬು ಕಡಿಯಲು ಬಂದಿದ್ದ ಕುಟುಂಬದ ಒಬ್ಬ ಹೆಂಗಸನ್ನು ಟ್ರ್ಯಾಕ್ಟರಿನಲ್ಲಿ ಕರೆತಂದರು. ಹೊಟ್ಟೆನೋವು, ವಾಂತಿ. ರಾತ್ರಿ ಉಂಡಿದ್ದು ಸರಿಹೋಗಿಲ್ಲ, ಗ್ಯಾಸ್ಟ್ರಿಕ್ ಇರಬೇಕು ಅಂತ ಗಂಡ ಹೇಳಿದ. ಡಾಕ್ಟರು ಆಗ ಒಳಗಡೆ ಎದೆನೋವಿನ ಅಜ್ಜನನ್ನು ನೋಡುತ್ತಿದ್ದರು. ನಾನು ಅಜ್ಜನಿಗೆ ಇಸಿಜಿ ಮಾಡುತ್ತಿದ್ದೆ. ಬಂದವರ ಬಿಪಿ, ನಾಡಿ ನೋಡಮ್ಮ ಅಂತ ರೇಣುಕಾಳನ್ನು ಕಳಿಸಿದೆ.

ಎರಡೇ ನಿಮಿಷಕ್ಕೆ ಬಂದು ಪರದೆ ಪಕ್ಕ ನಿಂತಳು. ಓಡಿಬರಲಿಲ್ಲ, ಕೂಗಲಿಲ್ಲ. "ಸಿಸ್ಟರ್, ಬಿಪಿ ನಾರ್ಮಲ್ ಇದೆ. ಆದರೆ ಅವರಿಗೆ ರೆಪ್ಪೆ ಎತ್ತೋಕೆ ಆಗ್ತಿಲ್ಲ. ನಿದ್ದೆ ಅಲ್ಲ. ಮೇಲೆ ನೋಡಿ ಅಂದರೆ ಹಣೆ ಸುಕ್ಕಾಗುತ್ತೆ, ಕಣ್ಣು ತೆರೆಯಲ್ಲ. ಎಲ್ಲಿ ಮಲಗಿದ್ರಿ ಅಂತ ಕೇಳಿದೆ. ಶೆಡ್ಡಲ್ಲಿ, ನೆಲದ ಮೇಲೆ."

ಮಕ್ಕಳೇ, ಕೊನೆಯ ಆ ಪ್ರಶ್ನೆ ಗಮನಿಸಿ. ಹೊಟ್ಟೆನೋವು ಅಂತ ಬಂದವರನ್ನು ಎಲ್ಲಿ ಮಲಗಿದ್ದಿರಿ ಅಂತ ಯಾರು ಕೇಳುತ್ತಾರೆ? ಕಟ್ಟುಹಾವು ಕಡಿಯುವುದು ಹೆಚ್ಚಾಗಿ ರಾತ್ರಿ, ನೆಲದ ಮೇಲೆ ಮಲಗಿದವರನ್ನು. ಬಹಳ ಸಲ ಊತ ಇರಲ್ಲ, ನೋವು ಇರಲ್ಲ, ಹಲ್ಲಿನ ಗುರುತೂ ಕಾಣಲ್ಲ. ಹೊಟ್ಟೆನೋವು ಬರುತ್ತೆ, ಆಮೇಲೆ ರೆಪ್ಪೆ ಜೋಲುತ್ತೆ, ನುಂಗಲು ಆಗಲ್ಲ, ಕಡೆಗೆ ಉಸಿರಾಟದ ಸ್ನಾಯು ಸೋಲುತ್ತೆ. ಇದೆಲ್ಲ ನಿಮ್ಮ ಪುಸ್ತಕದಲ್ಲೇ ಇದೆ. ರಾತ್ರಿ ಎರಡೂವರೆಗೆ ಅದನ್ನು ನೆನಪಿಗೆ ತಂದುಕೊಳ್ಳುವುದಿದೆಯಲ್ಲ, ಅದು ಬೇರೆ ವಿದ್ಯೆ.

ಡಾಕ್ಟರು ಬಂದು ನೋಡಿದರು. ಗಾಜಿನ ಟ್ಯೂಬಿನಲ್ಲಿ ರಕ್ತ ತೆಗೆದು ಇಪ್ಪತ್ತು ನಿಮಿಷ ಅಲುಗಿಸದೆ ಇಟ್ಟೆವು. ಹೆಪ್ಪುಗಟ್ಟಿತು. ಅಂದರೆ ಮಂಡಲದ ಹಾವಿನ ಲಕ್ಷಣ ಅಲ್ಲ. ಆದರೆ ಅದಕ್ಕಾಗಿ ಕಾಯುತ್ತ ಕೂರಲಿಲ್ಲ. ರೆಪ್ಪೆ ಜೋತಿದ್ದೇ ಸಾಕಾಗಿತ್ತು. ಹಾವಿನ ವಿಷದ ಔಷಧ, ನಾವು ಎಎಸ್‌ವಿ ಅನ್ನುತ್ತೇವಲ್ಲ, ಹತ್ತು ವಯಲ್ ಹಾಕಿ ಅಂದರು.

ಈ ವಯಲ್‌ಗಳ ಸಂಗತಿ ಸ್ವಲ್ಪ ಹೇಳಬೇಕು. ಅದು ಪುಡಿ. ಒಂದೊಂದಕ್ಕೂ ಹತ್ತು ಎಂಎಲ್ ಸ್ಟೆರೈಲ್ ವಾಟರ್ ಹಾಕಿ ಕರಗಿಸಬೇಕು. ಮಜ್ಜಿಗೆ ಕಡೆದ ಹಾಗೆ ಕುಲುಕಿದರೆ ಬರೀ ನೊರೆ. ಆ ನೊರೆ ಇಳಿಯುವ ತನಕ ಸಿರಿಂಜಿಗೆ ಎಳೆಯಲೂ ಆಗಲ್ಲ. ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಬೇಕು. ಪಕ್ಕದಲ್ಲಿ ಗಂಡ ಗೋಳಾಡುತ್ತಿದ್ದಾನೆ, ಅತ್ತೆ ದೇವರನ್ನು ಕೂಗುತ್ತಿದ್ದಾಳೆ, ಆಗ ಮೆಲ್ಲಗೆ ಉರುಳಿಸುವುದು ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು. ರೇಣುಕಾ ಶುರು ಮಾಡುವ ಮೊದಲೇ ನನಗೆ ಹೇಳಿದಳು, "ಸಿಸ್ಟರ್, ಇದನ್ನ ನಾನು ನೋಡಿದೀನಿ ಅಷ್ಟೆ, ಮಾಡಿಲ್ಲ. ಮೊದಲನೆಯದು ನೀವು ಮಾಡಿ ತೋರಿಸಿ." ತೋರಿಸಿದೆ. ಉಳಿದ ಒಂಬತ್ತನ್ನೂ ಅವಳು ಉರುಳಿಸಿದಳು. ಒಂದರಲ್ಲೂ ನೊರೆ ಇರಲಿಲ್ಲ. ಖಾಲಿ ವಯಲ್‌ಗಳನ್ನು ಟ್ರೇನಲ್ಲಿ ಸಾಲಾಗಿ ನಿಲ್ಲಿಸಿದ್ದಳು, ಎಣಿಕೆ ತಪ್ಪಬಾರದು ಅಂತ.

ಕೆಲವರಿಗೆ ಈ ಔಷಧ ಒಗ್ಗಲ್ಲ. ಮೈ ತುಂಬ ಗಂದೆ ಏಳಬಹುದು, ಬಿಪಿ ಬೀಳಬಹುದು. ಡ್ರಿಪ್ ಶುರುವಾಗುವ ಮೊದಲೇ ನನ್ನ ಎದುರಿಗೇ ಅಡ್ರಿನಲಿನ್ ಸಿರಿಂಜಿಗೆ ಎಳೆದು, ಲೇಬಲ್ ಬರೆದು ಟ್ರೇನಲ್ಲಿ ಇಟ್ಟಳು. ಅದು ಬೇಕಾಗಲಿಲ್ಲ. ಬೇಕಾಗದಿದ್ದರೂ ಇರಬೇಕು.

ಆಮೇಲೆ ಅವಳು ಆ ಹೆಂಗಸಿನ ಪಕ್ಕ ಕೂತಳು. ಒಂದೇ ಉಸಿರಿಗೆ ಎಷ್ಟು ಎಣಿಸುತ್ತಾರೆ ನೋಡುತ್ತಿರು ಅಂತ ಡಾಕ್ಟರು ಹೇಳಿದ್ದರು. ಉಸಿರಿನ ಶಕ್ತಿ ಕುಗ್ಗುತ್ತಿದೆಯಾ ಅಂತ ತಿಳಿಯಲು ಇದಕ್ಕಿಂತ ಸುಲಭದ ದಾರಿ ಇಲ್ಲ. "ಅಕ್ಕಾ, ಹೆದರಬ್ಯಾಡ್ರಿ. ನನ್ನ ಕೂಡ ಎಣಸ್ರಿ. ಒಂದು, ಎರಡು..." ತನ್ನ ಊರಿನ ಕಡೆಯ ಮಾತು ಕೇಳಿದ್ದೇ ಆ ಹೆಂಗಸಿನ ಹಿಡಿ ಸಡಿಲವಾಯಿತು. ಅಲ್ಲಿಯ ತನಕ ಮಂಚದ ಕಂಬಿ ಬಿಟ್ಟಿರಲಿಲ್ಲ. ಮೊದಲ ಸಲ ಹದಿನೆಂಟು. ಹತ್ತು ನಿಮಿಷ ಬಿಟ್ಟು ಹನ್ನೊಂದು. ಆಮೇಲೆ ಏಳು. ಪ್ರತಿ ಸಲವೂ ರೇಣುಕಾ ಕೇಸ್ ಶೀಟಿನಲ್ಲಿ ಟೈಮ್ ಹಾಕಿ ಬರೆದಳು. ಏಳಕ್ಕೆ ಬಂದಾಗ ಎದ್ದು ಹೋಗಿ ಡಾಕ್ಟರಿಗೆ ಅಂಕಿ ಮಾತ್ರ ಹೇಳಿದಳು. ಆ ಹೆಂಗಸಿಗೆ ಕೇಳದ ಹಾಗೆ. ಅಟ್ರೋಪಿನ್ ಕೊಟ್ಟು ನಿಯೋಸ್ಟಿಗ್ಮಿನ್ ಕೂಡ ಪ್ರಯತ್ನಿಸಿದ್ದರು, ಆದರೆ ನಾಗರಹಾವಿನ ವಿಷಕ್ಕೆ ಕೆಲಸ ಮಾಡಿದ ಹಾಗೆ ಕಟ್ಟುಹಾವಿನ ವಿಷಕ್ಕೆ ಅದು ಮಾಡುವುದಿಲ್ಲ. ಮೂರೂಕಾಲಿಗೆ ಡಾಕ್ಟರು ಟ್ಯೂಬ್ ಹಾಕಿದರು. ಜಿಲ್ಲಾಸ್ಪತ್ರೆಗೆ ಫೋನ್ ಆಗಿತ್ತು, ವೆಂಟಿಲೇಟರ್ ಇರುವ 108 ಹೊರಟಿತ್ತು.

ಅಷ್ಟರಲ್ಲಿ ಬೈಕ್ ಆಕ್ಸಿಡೆಂಟ್ ಬಂತು. ಇಬ್ಬರು ಹುಡುಗರು, ಒಬ್ಬನ ತೊಡೆಮೂಳೆ ಮುರಿದಿತ್ತು, ಇನ್ನೊಬ್ಬನ ತಲೆಯಿಂದ ರಕ್ತ. ಜೊತೆಗೆ ಇಪ್ಪತ್ತು ಜನ. ನೈಟ್ ಡ್ಯೂಟಿ ಹೀಗೇ, ಬಂದರೆ ಒಟ್ಟಿಗೇ ಬರುತ್ತೆ. ಡಾಕ್ಟರು ಮತ್ತು ನಾನು ಆ ಕಡೆ ಹೋಗಲೇಬೇಕಾಯಿತು. ಆಂಬು ಬ್ಯಾಗ್ ರೇಣುಕಾಳ ಕೈಗೆ ಬಂತು.

ಇಷ್ಟು ವರ್ಷದಲ್ಲಿ ಬ್ಯಾಗ್ ಹಿಡಿದ ಎಷ್ಟೋ ಕೈ ನೋಡಿದ್ದೇನೆ. ಹೆದರಿಕೆ ಮುಖಕ್ಕಿಂತ ಮೊದಲು ಕೈಗೆ ಬರುತ್ತೆ. ಬೇಗ ಬೇಗ ಒತ್ತುತ್ತಾರೆ. ಜಾಸ್ತಿ ಗಾಳಿ ಕೊಟ್ಟರೆ ಜಾಸ್ತಿ ಒಳ್ಳೆಯದು ಅಂತ ಅನಿಸುತ್ತೆ ಆಗ. ಆದರೆ ಎದೆಯೊಳಗೆ ಒತ್ತಡ ಏರಿ ಬಿಪಿ ಕುಸಿಯುತ್ತೆ. ಐದಾರು ಸೆಕೆಂಡಿಗೆ ಒಂದು ಸಲ ಒತ್ತಬೇಕು, ಎದೆ ಏಳುವುದು ನೋಡಬೇಕು, ಬಿಡಬೇಕು. ಸುಮ್ನೆ ಕೇಳೋಕೆ ಸುಲಭ. ಪಕ್ಕದಲ್ಲಿ ಇಪ್ಪತ್ತು ಜನ ಕೂಗಾಡುವಾಗ ಐದು ಸೆಕೆಂಡು ತುಂಬಾ ಉದ್ದ.

ನಾನು ತೊಡೆಗೆ ಸ್ಪ್ಲಿಂಟ್ ಕಟ್ಟುತ್ತಾ ಕಿವಿ ಆ ಕಡೆಗೇ ಇಟ್ಟಿದ್ದೆ. ಅವಳು ಎಣಿಸುತ್ತಿದ್ದಳು. ನಡುವೆ ಮಾತಾಡುತ್ತಿದ್ದಳು. ಯಾರ ಜೊತೆ ಗೊತ್ತಾ? ಮಂಚದ ಮೇಲೆ ಕಣ್ಣು ಮುಚ್ಚಿ, ಬೆರಳೂ ಅಲುಗದೆ ಮಲಗಿದ್ದವರ ಜೊತೆ. "ಅಕ್ಕಾ, ನಿಮಗ ಎಲ್ಲಾ ಕೇಳಸ್ತೈತಿ ಅಂತ ನನಗ ಗೊತ್ತೈತಿ. ಈಗ ಉಸಿರು ನಾನು ಕೊಡಾಕತ್ತೀನಿ. ನೀವು ಹೆಣಗಾಡಬ್ಯಾಡ್ರಿ. ನಿಮ್ಮ ಮನೀಯವರು ಹೊರಗ ಅದಾರ." ಈ ವಿಷ ಸ್ನಾಯು ಕಟ್ಟಿಹಾಕುತ್ತೆ, ಪ್ರಜ್ಞೆ ತೆಗೆಯಲ್ಲ. ನೋಡಿದವರು ಹೋಗಿಬಿಟ್ಟರು ಅಂದುಕೊಳ್ಳುತ್ತಾರೆ, ಮಲಗಿದವರಿಗೆ ಆ ಮಾತೂ ಕೇಳುತ್ತಿರುತ್ತೆ. ಬಂದವರಲ್ಲಿ ಒಬ್ಬ ಹಾಗೇ ಅಂದ ಕೂಡಲೇ ರೇಣುಕಾ ಬ್ಯಾಗ್ ಒತ್ತುತ್ತಲೇ ತಿರುಗಿ, "ಅಣ್ಣ, ಇವರು ಬದುಕಿದಾರೆ. ಮಾತು ಕೇಳಿಸ್ತಿದೆ. ದಯವಿಟ್ಟು ಹೊರಗೆ ನಿಲ್ಲಿ," ಅಂದಳು. ದನಿ ಏರಲಿಲ್ಲ. ಅವನು ಹೋದ. ನಾನು ಹೇಳಿದ್ದರೆ ಜಗಳ ಆಗುತ್ತಿತ್ತು, ನನ್ನ ಗಂಟಲು ನಿಮಗೆ ಗೊತ್ತಲ್ಲ.

ಕೈ ಸೋತಾಗ ಹೇಳಿದಳು. ಇದನ್ನೂ ಬರೆದಿಟ್ಟುಕೊಳ್ಳಿ. "ಸಿಸ್ಟರ್, ಕೈ ನೋಯ್ತಿದೆ, ಎರಡು ನಿಮಿಷ ಯಾರಾದರೂ ಬೇಕು." ನಾನು ಹೋಗಿ ಹಿಡಿದೆ. ಆ ಎರಡು ನಿಮಿಷದಲ್ಲಿ ನೀರು ಕುಡಿಯಲಿಲ್ಲ ಅವಳು. ತನ್ನ ಏಪ್ರನ್ನಿಗೆ ಅಂಟಿಸಿಕೊಂಡಿದ್ದ ಪ್ಲಾಸ್ಟರ್ ಪಟ್ಟಿ ಕಿತ್ತು, ಅದರಲ್ಲಿದ್ದದ್ದನ್ನೆಲ್ಲ ರೆಫರಲ್ ಚೀಟಿಗೆ ಇಳಿಸಿದಳು. ಬಂದ ಟೈಮು, ಎಎಸ್‌ವಿ ಶುರುವಾದ ಟೈಮು, ಎಷ್ಟು ವಯಲ್, ಉಸಿರಿನ ಎಣಿಕೆ ಮೂರೂ ಸಲದ್ದು, ಟ್ಯೂಬ್ ತುಟಿಯ ಹತ್ತಿರ 21 ಸೆಂಟಿಮೀಟರ್ ಗುರುತಿನಲ್ಲಿ ಇದೆ ಅನ್ನುವುದು. ನಾಲ್ಕು ಗಂಟೆ ದಾಟಿದ ಮೇಲೆ 108 ಬಂತು. ಅದರಲ್ಲಿದ್ದ ಹುಡುಗ ಟ್ಯೂಬ್ ಗುರುತು ನೋಡಿ, ಚೀಟಿ ನೋಡಿ, ನಮ್ಮನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ದಾರಿಯಲ್ಲಿ ಟ್ಯೂಬ್ ಸರಿದರೆ ಗೊತ್ತಾಗುವುದು ಆ 21ರಿಂದಲೇ.

ಗಾಡಿ ಹೋದ ಮೇಲೆ ನಾನು ಕುರ್ಚಿಯಲ್ಲಿ ಕುಸಿದೆ. ಅವಳು ಎಮರ್ಜೆನ್ಸಿ ಟ್ರೇ ಮುಂದೆ ನಿಂತಿದ್ದಳು. ಖಾಲಿಯಾದ ಜಾಗಕ್ಕೆ ಅಡ್ರಿನಲಿನ್, ಅಟ್ರೋಪಿನ್ ತುಂಬಿ, ಲ್ಯಾರಿಂಗೋಸ್ಕೋಪಿನ ಬಲ್ಬ್ ಉರಿಯುತ್ತಾ ಅಂತ ಒತ್ತಿ ನೋಡಿ, ಎಎಸ್‌ವಿ ಇಂಡೆಂಟ್ ಬರೆದು ನನ್ನ ಸಹಿಗೆ ತಂದಳು. "ಇನ್ನೊಂದು ಕೇಸ್ ಬಂದರೆ ಸಿಸ್ಟರ್?" ಬೆಳಿಗ್ಗೆ ವರದಿ ಫಾರಂ ತುಂಬಲು ನೆರವಾದವಳೂ ಅವಳೇ. 2024ರಿಂದ ನಮ್ಮ ರಾಜ್ಯದಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕು, ನೆನಪಿರಲಿ. ಇಲ್ಲಿರುವ ದೊಡ್ಡವರಿಗೂ ಸೇರಿಸಿ ಹೇಳುತ್ತಿದ್ದೇನೆ.

ಆಮೇಲೆ ಬಹಳ ಜನ ನನ್ನ ಹತ್ತಿರ ಬಂದು ಆ ಹುಡುಗಿಗೆ ಎಷ್ಟು ಧೈರ್ಯ, ಹುಟ್ಟುಗುಣ ಅಂದರು. ನಾನು ಒಪ್ಪಲ್ಲ. ಧೈರ್ಯ ಎಷ್ಟಿತ್ತೋ ನನಗೆ ಗೊತ್ತಿಲ್ಲ, ಅವಳನ್ನು ಕೇಳಿಲ್ಲ. ನಾನು ಕಂಡದ್ದು ಮುಂದಿನ ಕೆಲಸ ಯಾವುದು ಅಂತ ಬಿಟ್ಟು ಬೇರೆ ಯಾವುದಕ್ಕೂ ಮನಸ್ಸು ಕೊಡದ ಒಬ್ಬಳು ಹುಡುಗಿಯನ್ನು. ಬರದೇ ಇದ್ದದ್ದನ್ನು ಬರಲ್ಲ ಅಂದಳು, ಬಂದದ್ದನ್ನು ನಿಧಾನವಾಗಿ ಮಾಡಿದಳು, ಸೋತಾಗ ಕರೆದಳು. ಹುಟ್ಟುಗುಣ ಅಂದುಬಿಟ್ಟರೆ ಇಲ್ಲಿ ಕೂತಿರುವ ಉಳಿದ ಮಕ್ಕಳು ನಮಗಿಲ್ಲ ಬಿಡು ಅಂತ ಸುಮ್ಮನಾಗುತ್ತಾರೆ. ಅವಳ ಕ್ಲಾಸ್‌ಮೇಟ್ಸ್ ಹೇಳಿದ್ದು ಕೇಳಿ: ಹಾಸ್ಟೆಲಿನಲ್ಲಿ ರಾತ್ರಿ ಹೊತ್ತು ದಿಂಬು ಹಿಡಿದು ಐದು ಎಣಿಸುತ್ತಾ ಬ್ಯಾಗಿಂಗ್ ಅಭ್ಯಾಸ ಮಾಡುತ್ತಿದ್ದಳಂತೆ, ಇವರೆಲ್ಲ ನಗುತ್ತಿದ್ದರಂತೆ.

ಆ ಹೆಂಗಸು ನಾಲ್ಕನೇ ದಿನ ವೆಂಟಿಲೇಟರಿನಿಂದ ಹೊರಗೆ ಬಂದರು. ಜನವರಿಯಲ್ಲಿ ಗಂಡನ ಜೊತೆ ನಮ್ಮ ಆಸ್ಪತ್ರೆಗೆ ಬಂದಿದ್ದರು, ಒಂದು ಹೊರೆ ಕಬ್ಬು ಹೊರಿಸಿಕೊಂಡು. ರೇಣುಕಾ ಅವತ್ತು ರಜೆ. ಕಬ್ಬನ್ನು ನಾವೇ ತಿಂದೆವು. ಅವಳ ಪಾಲು ಎತ್ತಿಟ್ಟಿದ್ದೆವು, ಅದನ್ನೂ ವಾರ್ಡ್ ಬಾಯ್ ತಿಂದ. ಅವನು ಹಿಂದೆ ನಗುತ್ತಾ ನಿಂತಿದ್ದಾನೆ, ನೋಡಿ.

ಪ್ರಿನ್ಸಿಪಾಲ್ ಮೇಡಂ, ಅವಳ ಪೋಸ್ಟಿಂಗ್ ರಿಪೋರ್ಟಿನಲ್ಲಿ ಬರೆಯಲು ನನಗೆ ಎರಡೇ ಸಾಲಿನ ಜಾಗ ಇತ್ತು. ಅದಕ್ಕೇ ಇಷ್ಟುದ್ದ ಮಾತಾಡಿದೆ. ರೇಣುಕಾ, ಮೇಲೆ ಬಾಮ್ಮ. ಇದು ನಾವು ಕ್ಯಾಶುವಾಲ್ಟಿಯವರೆಲ್ಲ ಸೇರಿ ತಂದ ವಾಚ್, ಸೆಕೆಂಡ್ ಮುಳ್ಳು ದೊಡ್ಡದಿರೋದು ನೋಡಿ ಆರಿಸಿದ್ದು. ಊಟದವರಿಗೆ ಒಂದು ಮಾತು: ಇವಳಿಗೆ ಇವತ್ತೂ ನೈಟ್ ಡ್ಯೂಟಿ, ಮೊದಲು ಇವಳಿಗೆ ಬಡಿಸಿ.